ಇಪ್ಪತ್ತರ ಗೆರೆಯಲ್ಲಿ ಐವತ್ತು ಯೂನಿಟ್

ನರ್ಸಿಂಗ್ ವಿದ್ಯಾರ್ಥಿಗಳನ್ನು ಎಡವಿಸುವ ಲೆಕ್ಕಗಳಲ್ಲಿ ಇನ್ಸುಲಿನ್‌ನದೂ ಒಂದು. ಭಾರತದಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು.

ಪ್ರಶ್ನೆ ಹೀಗಿರುತ್ತದೆ: ವೈದ್ಯರು ಬರೆದದ್ದು 20 ಯೂನಿಟ್, ಕೈಯಲ್ಲಿರುವುದು 100ರ ಸೀಸೆ, ಸಿರಿಂಜ್ ಮಾತ್ರ ಕೆಂಪು ಮುಚ್ಚಳದ್ದು. 20ರ ಗೆರೆಯವರೆಗೆ ಎಳೆದರೆ ಏನಾಗುತ್ತದೆ?

ಆ ಗೆರೆ ಯೂನಿಟ್ ಎಂದು ತೋರಿಸಿದರೂ ಅಳೆಯುವುದು ಗಾತ್ರವನ್ನೇ. 20ನ್ನು 40ರಿಂದ ಭಾಗಿಸಿದರೆ 0.5 ಮಿಲಿಲೀಟರ್. ಅದನ್ನು 100ರಿಂದ ಗುಣಿಸಿದರೆ 50 ಯೂನಿಟ್, ಅಂದರೆ ಎರಡೂವರೆ ಪಟ್ಟು. ರಕ್ತದ ಸಕ್ಕರೆ ಕುಸಿದು ರೋಗಿ ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಅದಲುಬದಲಾದರೆ ಸೇರುವುದು ಬರೀ 8 ಯೂನಿಟ್.

ಸರಿಯಾದ ಗಾತ್ರ 0.2 ಮಿಲಿಲೀಟರ್. ವಾರ್ಡಿನಲ್ಲಾದರೆ ಈ ಗುಣಾಕಾರಕ್ಕೆ ಕೈಹಾಕದೆ ಕಿತ್ತಳೆ ಮುಚ್ಚಳದ ಸಿರಿಂಜನ್ನೇ ತರಿಸಬೇಕು.