ಗಡಿಯಾರವನ್ನು ಗೋಡೆಗೆ ತಿರುಗಿಸುವ ಕುಶಲತೆ

ನಿದ್ದೆ ಬಾರದವರು ರಾತ್ರಿಯೆಲ್ಲ ಮತ್ತೆ ಮತ್ತೆ ಗಡಿಯಾರ ನೋಡುತ್ತಾರೆ ಎಂಬುದು ವೈದ್ಯರಿಗೂ ಮನೆಯವರಿಗೂ ಮೊದಲಿನಿಂದ ಗೊತ್ತಿದ್ದ ಸಂಗತಿ. ಆದರೆ ನಿದ್ದೆ ಬಾರದ್ದರಿಂದ ಗಡಿಯಾರ ನೋಡುತ್ತಾರೋ, ಗಡಿಯಾರ ನೋಡುವುದರಿಂದಲೇ ನಿದ್ದೆ ಇನ್ನಷ್ಟು ದೂರವಾಗುತ್ತದೋ ಎಂಬುದನ್ನು ಬರೀ ನೋಡಿ ಹೇಳಲಾಗದು. 2007ರಲ್ಲಿ ನಿಕೋಲ್ ಟ್ಯಾಂಗ್, ಆನ್ ಶ್ಮಿಟ್ ಮತ್ತು ಆಲಿಸನ್ ಹಾರ್ವೆ ಎಂಬ ಮೂವರು ಸಂಶೋಧಕರು ಇದನ್ನು ಪರೀಕ್ಷಿಸಿದ ರೀತಿ ನನಗೆ ಬಹಳ ಮೆಚ್ಚುಗೆಯಾದದ್ದು.

ಅವರು ಮೊದಲು ಚೆನ್ನಾಗಿ ನಿದ್ದೆ ಮಾಡುವ 30 ಜನರನ್ನು ಆರಿಸಿಕೊಂಡರು. ಕೆಲವರಿಗೆ ಮಲಗಿದ ಮೇಲೆ ಗಡಿಯಾರ ನೋಡುತ್ತಿರಲು ಹೇಳಿದರು, ಉಳಿದವರಿಗೆ ನೋಡಬೇಡಿ ಎಂದರು. ಆಮೇಲೆ ನಿದ್ರಾಹೀನತೆ ಇರುವ 38 ಜನರೊಂದಿಗೆ ಎರಡನೆಯ ಪ್ರಯೋಗ ಮಾಡಿದರು. ಜಾಣತನವಿರುವುದು ಇಲ್ಲಿ. ಕಣ್ಣು ತೆರೆದು ಏನನ್ನಾದರೂ ನೋಡುವ ಕೆಲಸವೇ ನಿದ್ದೆ ಕೆಡಿಸಬಹುದಲ್ಲ ಎಂಬ ಆಕ್ಷೇಪ ಬರುತ್ತದೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ಒಂದು ಗುಂಪಿಗೆ ಗಡಿಯಾರ ಕೊಟ್ಟರೆ, ಇನ್ನೊಂದು ಗುಂಪಿಗೆ ಬರೀ ಅಂಕಿಗಳನ್ನು ತೋರಿಸುವ ಉಪಕರಣ ಕೊಟ್ಟರು. ಇಬ್ಬರೂ ನೋಡಬೇಕಾದದ್ದು ಅಂಕಿಗಳನ್ನೇ, ಆದರೆ ಒಬ್ಬರ ಅಂಕಿಗೆ ಅರ್ಥವಿದೆ, ಇನ್ನೊಬ್ಬರದಕ್ಕೆ ಇಲ್ಲ. ಗಡಿಯಾರ ನೋಡಿದವರಲ್ಲಿ ಮಲಗುವ ಹೊತ್ತಿನ ಚಿಂತೆ ಹೆಚ್ಚಿತು, ನಿದ್ದೆ ಹತ್ತುವುದು ಕಷ್ಟವಾಯಿತು ಎಂದು ಅವರೇ ಹೇಳಿದರು. ನಿದ್ರಾಹೀನತೆ ಇದ್ದವರು ನಿದ್ದೆ ಹತ್ತಲು ಹಿಡಿದ ಹೊತ್ತನ್ನು ಇದ್ದುದಕ್ಕಿಂತ ಹೆಚ್ಚಾಗಿ ಅಂದಾಜು ಮಾಡಿದರು. ಕೆಡಿಸಿದ್ದು ಬೆಳಕಲ್ಲ, ಕಣ್ಣಿನ ಕೆಲಸವೂ ಅಲ್ಲ. ಎಷ್ಟು ಹೊತ್ತಾಯಿತು ಎಂಬ ಅರಿವು ಕೆಡಿಸಿತ್ತು.

ಅದು ಹೇಗೆ ಕೆಡಿಸುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಮೈಸೂರಿನ ಒಬ್ಬ ಶಾಲಾ ಶಿಕ್ಷಕಿ ಎಂದಿಟ್ಟುಕೊಳ್ಳಿ. ರಾತ್ರಿ 10.30ಕ್ಕೆ ಮಲಗುತ್ತಾರೆ, ಬೆಳಗ್ಗೆ 5.45ಕ್ಕೆ ಏಳಲೇಬೇಕು. ನಡುವೆ ಎಚ್ಚರವಾಗುತ್ತದೆ, ದಿಂಬಿನ ಪಕ್ಕದ ಫೋನ್ ನೋಡುತ್ತಾರೆ. ಗಂಟೆ 1.50. ಅಂಕಿ ಕಂಡ ಮರುಕ್ಷಣವೇ ಮನಸ್ಸು ಕಳೆಯುವ ಲೆಕ್ಕಕ್ಕೆ ಕೂರುತ್ತದೆ: ಇನ್ನು 3 ಗಂಟೆ 55 ನಿಮಿಷ ಉಳಿದಿದೆ, ಈಗಲೇ ನಿದ್ದೆ ಬಂದರೆ ಪರವಾಗಿಲ್ಲ. 2.20ಕ್ಕೆ ಮತ್ತೆ ನೋಡುತ್ತಾರೆ. 3 ಗಂಟೆ 25 ನಿಮಿಷ. ನಾಳೆ ಎಂಟನೇ ತರಗತಿಗೆ ಮೊದಲ ಪೀರಿಯಡ್ ಇದೆ, ತಲೆ ಓಡುವುದಿಲ್ಲ. 3.05ಕ್ಕೆ ಇನ್ನೊಮ್ಮೆ. ಉಳಿದಿರುವುದು 2 ಗಂಟೆ 40 ನಿಮಿಷ. ಒಂದೊಂದು ಸಲ ನೋಡಿದಾಗಲೂ ಉಳಿದ ಹೊತ್ತು ಕಡಿಮೆಯಾಗುತ್ತಲೇ ಹೋಗುತ್ತದೆ. ಈ ಲೆಕ್ಕದಲ್ಲಿ ಒಳ್ಳೆಯ ಉತ್ತರ ಬರುವ ಸಾಧ್ಯತೆಯೇ ಇಲ್ಲ. ಎದೆ ಬಡಿತ ಸ್ವಲ್ಪ ಏರುತ್ತದೆ, ಮೈ ಬಿಗಿಯುತ್ತದೆ, ನಿದ್ದೆಗೆ ಬೇಕಾದ ಸಡಿಲಿಕೆ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಾನಿ ಇದೆ. ಬೆಳಗ್ಗೆ ಈ ಶಿಕ್ಷಕಿ, 'ಎರಡು ಗಂಟೆಯಿಂದ ಮೂರು ಗಂಟೆವರೆಗೂ ಕಣ್ಣೇ ಮುಚ್ಚಲಿಲ್ಲ' ಎನ್ನುತ್ತಾರೆ. ಅದು ಸುಳ್ಳಲ್ಲ, ಅವರಿಗೆ ಹಾಗೆಯೇ ಅನಿಸಿದೆ. ಆದರೆ 2.20ಕ್ಕೂ 3.05ಕ್ಕೂ ನಡುವೆ ಅರ್ಧ ಗಂಟೆ ಹಗುರಾಗಿ ನಿದ್ದೆ ಹತ್ತಿದ್ದಿರಬಹುದು. ಗಾಢ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲ ಭಾಗದಲ್ಲಿ. ಆಮೇಲಿನ ನಿದ್ದೆ ತೆಳು, ಅದರಲ್ಲಿ ಆಗಾಗ ಮೇಲೆ ತೇಲಿ ಬರುವುದು ಎಲ್ಲರಿಗೂ ಇದ್ದದ್ದೇ. ಕೆಲವೇ ನಿಮಿಷದ ಎಚ್ಚರ ಸಾಮಾನ್ಯವಾಗಿ ಬೆಳಗ್ಗೆ ನೆನಪಿರುವುದೂ ಇಲ್ಲ. ಆ ಹೊತ್ತಿನಲ್ಲಿ ಗಡಿಯಾರ ನೋಡಿದರೆ ಎಚ್ಚರಕ್ಕೊಂದು ಅಂಕಿ ಅಂಟಿಕೊಂಡು ನೆನಪಿನಲ್ಲಿ ಉಳಿಯುತ್ತದೆ. ಹಾಗೆ ನೆನಪುಳಿದ ಎರಡು ಅಂಕಿಗಳ ನಡುವಿನ ಹೊತ್ತನ್ನೆಲ್ಲ ಮನಸ್ಸು ಎಚ್ಚರದ ಖಾತೆಗೆ ಬರೆದುಬಿಡುತ್ತದೆ. ಬೆಳಗ್ಗೆಯ ಲೆಕ್ಕ ಕೆಟ್ಟದಾದಷ್ಟೂ ಮಾರನೆಯ ರಾತ್ರಿಯ ಭಯ ಹೆಚ್ಚು, ಭಯ ಹೆಚ್ಚಿದಷ್ಟೂ ಗಡಿಯಾರದ ಕಡೆ ಕೈ ಬೇಗ ಹೋಗುತ್ತದೆ. ಚಿಂತೆ, ಮೈಯ ಉದ್ವೇಗ, ಕಾವಲು ಕಾಯುವ ಗಮನ, ತಪ್ಪು ಅಂದಾಜು ಇವು ಒಂದನ್ನೊಂದು ಬೆಳೆಸುತ್ತವೆ ಎಂದು ಹಾರ್ವೆ 2002ರಲ್ಲೇ ನಿದ್ರಾಹೀನತೆಗೆ ಒಂದು ವಿವರಣೆ ಕೊಟ್ಟಿದ್ದರು. ಗಡಿಯಾರ ಈ ನಾಲ್ಕಕ್ಕೂ ಒಟ್ಟಿಗೆ ಮೇವು ಹಾಕುತ್ತದೆ.

ಹಾಗಾದರೆ ಪರಿಹಾರ ಸುಲಭ, ಗಡಿಯಾರ ನೋಡಬೇಡಿ ಎಂದರಾಯಿತು ಅನಿಸಬಹುದು. ಹಾಗೆ ಹೇಳಿದವರ ಮಾತು ನಡೆಯುವುದು ಅಪರೂಪ. ಏಕೆಂದರೆ ನೋಡುವವರಿಗೆ ಅದು ಕೆಟ್ಟ ಚಾಳಿಯಲ್ಲ, ಸಮಾಧಾನ ಹುಡುಕುವ ದಾರಿ. 'ಇನ್ನೂ ಹನ್ನೆರಡೂವರೆ ಅಷ್ಟೆ' ಎಂದು ಒಮ್ಮೊಮ್ಮೆ ಸಮಾಧಾನ ಸಿಕ್ಕಿಯೂ ಇರುತ್ತದೆ. ನಿದ್ರಾಹೀನತೆಗೆ ಸಿಬಿಟಿ-ಐ ಎಂಬ ಮಾತು ಮತ್ತು ಅಭ್ಯಾಸದ ಚಿಕಿತ್ಸೆ ಕೊಡುವ ನುರಿತ ಚಿಕಿತ್ಸಕರು ಇದನ್ನು ಬಿಡಿಸುವ ಬಗೆಯಲ್ಲಿ ಒಂದು ನಯವಿದೆ.

ಅವರು ಮೊದಲು ಕೇಳುವುದು ಗಡಿಯಾರ ಎಲ್ಲೆಲ್ಲಿದೆ ಎಂದು. ನಮ್ಮ ಶಿಕ್ಷಕಿ ಫೋನ್ ಒಂದನ್ನೇ ಹೇಳುತ್ತಾರೆ. ಇನ್ನೆರಡು ಪ್ರಶ್ನೆ ಕೇಳಿದರೆ ಕೈಗಡಿಯಾರ, ಹಾಲಿನ ಗೋಡೆ ಗಡಿಯಾರ, ಸೆಟ್ ಟಾಪ್ ಬಾಕ್ಸಿನ ಹೊಳೆಯುವ ಅಂಕಿ, ನೀರು ಕುಡಿಯಲು ಹೋದಾಗ ಕಾಣುವ ಮೈಕ್ರೋವೇವ್ ಎಲ್ಲ ಹೊರಬರುತ್ತವೆ. ಇವುಗಳ ಪೈಕಿ ಒಂದು ಉಳಿದರೂ ಅಲ್ಲಿಗೇ ಹೋಗುತ್ತಾರೆ. ಹಾಗಾಗಿ ಮಂಚದಿಂದ ಬಚ್ಚಲಿನವರೆಗಿನ ದಾರಿಯನ್ನೆಲ್ಲ ಮನಸ್ಸಿನಲ್ಲೇ ನಡೆಸಿ, ಒಂದೊಂದನ್ನೂ ತಿರುಗಿಸುವುದೋ ಬಟ್ಟೆ ಹೊದಿಸುವುದೋ ಎಂದು ಅವರಿಂದಲೇ ತೀರ್ಮಾನ ಮಾಡಿಸುತ್ತಾರೆ.

ಆಮೇಲೆ ಬರುವುದು ಅಲಾರಾಂ. 'ಡಾಕ್ಟ್ರೇ, ಅಲಾರಾಂ ಹೊಡೆಯದಿದ್ದರೆ? ಶಾಲೆ ಬಸ್ಸು ತಪ್ಪಿಹೋಗುತ್ತದೆ' ಎಂದು ಅವರು ಕೇಳುವುದು ಖಂಡಿತ. ಈ ಹೆದರಿಕೆಯನ್ನು ತಳ್ಳಿಹಾಕಿದರೆ ಮಿಕ್ಕದ್ದೆಲ್ಲ ಕುಸಿಯುತ್ತದೆ. 'ಎರಡು ಅಲಾರಾಂ ಇಡೋಣ ಮೇಡಂ. ಒಂದು ಫೋನಿನಲ್ಲಿ, ಅದು ಹಾಲಿನಲ್ಲಿ ಚಾರ್ಜಿಗಿರಲಿ, ಸದ್ದು ಜೋರಾಗಿರಲಿ. ಇನ್ನೊಂದು ಸೆಲ್ ಹಾಕುವ ಚಿಕ್ಕ ಅಲಾರಾಂ ಗಡಿಯಾರ, ಮುಖ ಗೋಡೆ ಕಡೆಗೆ, ಕೈಗೆ ಸಿಗದ ಕಡೆ. ರಾತ್ರಿ ಮಲಗುವ ಮುನ್ನ ಎರಡನ್ನೂ ಒಮ್ಮೆ ನೋಡಿ ಬಿಟ್ಟುಬಿಡಿ.' ರಾತ್ರಿಯೆಲ್ಲ ಹೊತ್ತು ಕಾಯುವ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದೇವೆ ಎಂಬ ನಂಬಿಕೆ ಬರುವುದು ಹೀಗೆ.

ಮೂರನೆಯ ತೊಡಕು ಚಿಕಿತ್ಸೆಯೇ ತಂದದ್ದು. ನಿದ್ದೆಯ ದಿನಚರಿ ಬರೆಯಬೇಕು ಎಂದು ಚಿಕಿತ್ಸಕರೇ ಹೇಳಿರುತ್ತಾರೆ: ಎಷ್ಟು ಹೊತ್ತಿಗೆ ಮಲಗಿದಿರಿ, ನಿದ್ದೆ ಹತ್ತಲು ಎಷ್ಟು ಹೊತ್ತು ಹಿಡಿಯಿತು, ನಡುವೆ ಎಷ್ಟು ಹೊತ್ತು ಎಚ್ಚರವಿದ್ದಿರಿ. ಶ್ರದ್ಧೆಯುಳ್ಳವರು ಇದನ್ನು ಸರಿಯಾಗಿ ತುಂಬಲೆಂದೇ ಗಡಿಯಾರ ನೋಡಲು ಶುರುಮಾಡುತ್ತಾರೆ. ಇದರ ಜೊತೆಗೆ, ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಮಂಡಿಸಿದ ವಿಧಾನದಿಂದ ಬಂದ ಒಂದು ನಿಯಮವಿದೆ. ಹದಿನೈದು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಹೊರಗೆ ಹೋಗಿ ಕೂರಬೇಕು ಎಂಬುದು ಅದು. ಗಡಿಯಾರ ಇಲ್ಲದೆ ಇಪ್ಪತ್ತು ನಿಮಿಷ ತಿಳಿಯುವುದು ಹೇಗೆ? ಒಳ್ಳೆಯ ಚಿಕಿತ್ಸಕರು ಎರಡಕ್ಕೂ ಅಂದಾಜೇ ಸಾಕು ಎಂದು ಮೊದಲೇ ಹೇಳುತ್ತಾರೆ. ದಿನಚರಿ ತುಂಬುವುದು ಬೆಳಗ್ಗೆ, ನೆನಪಿನಿಂದ. ಒಂದು ರಾತ್ರಿಯ ತಪ್ಪು ವಾರದ ಸರಾಸರಿಯಲ್ಲಿ ಹೆಚ್ಚು ಉಳಿಯುವುದಿಲ್ಲ. ಹಾಸಿಗೆ ಬಿಡುವುದಕ್ಕೆ ಗುರುತು ನಿಮಿಷವಲ್ಲ, 'ನಿದ್ದೆ ಯಾಕೆ ಬರುತ್ತಿಲ್ಲ' ಎಂಬ ಕಿರಿಕಿರಿ ಎದ್ದ ಗಳಿಗೆ. ಮರಳುವುದಕ್ಕೆ ಗುರುತು ರೆಪ್ಪೆ ತಾನಾಗಿ ಇಳಿಯುವುದು, ತಲೆ ತೂಗುವುದು. ಬರೀ ಸುಸ್ತಾಗಿದ್ದರೆ ಸಾಲದು.

ಇಷ್ಟೆಲ್ಲ ಮಾಡಿದರೂ ಮೊದಲ ಕೆಲವು ರಾತ್ರಿ ಕಷ್ಟವೇ. ನೋಡುವುದು ನಿಂತ ಮೇಲೆ ಊಹಿಸುವುದು ಶುರುವಾಗುತ್ತದೆ. ನಮ್ಮ ಊರುಗಳಲ್ಲಿ ಅದಕ್ಕೆ ಬೇಕಾದಷ್ಟು ಸುಳಿವುಗಳಿವೆ: ಹಾಲಿನ ವ್ಯಾನು ಬಂತು ಅಂದರೆ ನಾಲ್ಕೂವರೆ, ಮಸೀದಿಯ ಬಾಂಗು ಆಯಿತು, ದೇವಸ್ಥಾನದ ಸುಪ್ರಭಾತ ಆಯಿತು, ಮೊದಲ ಬಸ್ಸು ಸ್ಟಾಂಡಿನಿಂದ ಹೊರಟಿತು. ಇವನ್ನು ತಡೆಯಲಾಗದು, ತಡೆಯಲು ಹೋಗುವುದೂ ಬೇಡ. ಸದ್ದು ಕೇಳಿಸಲಿ, ಅದರ ಮೇಲೆ ಕಳೆಯುವ ಲೆಕ್ಕ ಮಾತ್ರ ಹಾಕಬೇಡಿ, ಹಾಕಿದ್ದು ಗೊತ್ತಾದರೆ ಅರ್ಧಕ್ಕೇ ಬಿಟ್ಟುಬಿಡಿ ಎಂದು ಹೇಳಿಕೊಡುತ್ತಾರೆ. ಮಣಿಕಟ್ಟಿನ ಸ್ಮಾರ್ಟ್ ವಾಚು ಇನ್ನೂ ತೊಡಕಿನದು. ರಾತ್ರಿ ಗಂಟೆ ತೋರಿಸದಿದ್ದರೂ ಬೆಳಗ್ಗೆ ನಿದ್ದೆಗೆ ಅಂಕ ಕೊಡುತ್ತದೆ. ಆ ಅಂಕಕ್ಕಾಗಿ ಚಡಪಡಿಸಿ ನಿದ್ದೆ ಕೆಡಿಸಿಕೊಳ್ಳುವವರ ಬಗ್ಗೆ ಅಮೆರಿಕದ ಸಂಶೋಧಕರು 2017ರಲ್ಲಿ ಬರೆದು, ಅದಕ್ಕೆ ಆರ್ಥೋಸೋಮ್ನಿಯಾ ಎಂದು ಹೆಸರಿಟ್ಟರು. ಚಿಕಿತ್ಸೆ ನಡೆಯುವಷ್ಟು ದಿನ ಅದನ್ನು ಬಿಚ್ಚಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅನುಮಾನ ಹೋಗದವರಿಗೆ ಒಂದು ಪರೀಕ್ಷೆ ಇದೆ, ಅದನ್ನು ಅವರೇ ತಮ್ಮ ಮೇಲೆ ಮಾಡಿಕೊಳ್ಳುತ್ತಾರೆ. ಮೂರು ರಾತ್ರಿ ಎಂದಿನಂತೆ ಗಡಿಯಾರ ನೋಡಿ, ಮುಂದಿನ ಮೂರು ರಾತ್ರಿ ನೋಡದೆ ಮಲಗಿ. ಪ್ರತಿ ಬೆಳಗ್ಗೆ ರಾತ್ರಿಯ ಚಿಂತೆ ಎಷ್ಟಿತ್ತು ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆದಿಡಿ. ನೋಡದ ಮೊದಲ ರಾತ್ರಿಯ ಅಂಕಿ ಏರಿದರೆ ಗಾಬರಿ ಬೇಡ, ಮೂರನೆಯದನ್ನು ನೋಡಿ. ಚಿಕಿತ್ಸಕರ ಮಾತಿಗಿಂತ ತನ್ನ ಕೈಬರಹದ ಅಂಕಿಯನ್ನು ಮನುಷ್ಯ ಬೇಗ ನಂಬುತ್ತಾನೆ.

ಗುಣ ಕಾಣುತ್ತಿದೆ ಎಂದು ತಿಳಿಯುವುದಕ್ಕೆ ನಿದ್ದೆಯ ಗಂಟೆಗಳನ್ನು ಎಣಿಸಬೇಕಿಲ್ಲ, ಶಿಕ್ಷಕಿಯ ಮಾತು ಕೇಳಿದರೆ ಸಾಕು. ಮೊದಲ ವಾರ 'ಒಂದು ಐವತ್ತಕ್ಕೆ ಎಚ್ಚರವಾಯಿತು, ಎರಡು ಇಪ್ಪತ್ತು, ಮೂರು ಐದು' ಎನ್ನುತ್ತಿದ್ದವರು ಕೆಲವು ವಾರದ ನಂತರ 'ನಡುವೆ ಒಂದೆರಡು ಸಲ ಎಚ್ಚರವಾಗಿತ್ತು ಅನಿಸುತ್ತದೆ' ಎನ್ನುತ್ತಾರೆ. ಆ 'ಅನಿಸುತ್ತದೆ' ಕೇಳಿದಾಗ ಅನುಭವಿ ಚಿಕಿತ್ಸಕರಿಗೆ ಕೆಲಸ ಅರ್ಧ ಆಯಿತೆಂದು ಗೊತ್ತಾಗುತ್ತದೆ.

ಅರ್ಧ ಎಂದದ್ದಕ್ಕೆ ಕಾರಣವಿದೆ. ಗಡಿಯಾರ ತಿರುಗಿಸುವುದು ಇಡೀ ಚಿಕಿತ್ಸೆಯಲ್ಲ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿದ್ದೆಗೆ ತಕ್ಕಂತೆ ಇಳಿಸುವುದು, ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆಯ ಬಗೆಗಿನ ಭಯಗಳನ್ನು ಒಂದೊಂದಾಗಿ ಪರಿಶೀಲಿಸುವುದು ಎಲ್ಲ ಸೇರಿದ ಸಿಬಿಟಿ-ಐಯನ್ನು ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಜೋರಾಗಿ ಗೊರಕೆ ಹೊಡೆಯುತ್ತ ಉಸಿರು ಕಟ್ಟಿ ಏಳುವವರಿಗೆ, ಮಲಗಿದ ಕೂಡಲೇ ಕಾಲು ಆಡಿಸಲೇಬೇಕು ಎನಿಸುವವರಿಗೆ, ಬೆಳಗಿನ ಜಾವ ಎಚ್ಚರವಾಗಿ ಬದುಕಿನಲ್ಲೇ ಆಸಕ್ತಿ ಕಳೆದುಕೊಂಡವರಿಗೆ ತೊಂದರೆಯ ಮೂಲ ಬೇರೆ. ಅವರು ಗಡಿಯಾರದ ಹತ್ತಿರ ನಿಲ್ಲದೆ ನೇರ ವೈದ್ಯರ ಬಳಿ ಹೋಗಬೇಕು.

ಉಳಿದವರು ಇವತ್ತೇ ಫೋನನ್ನು ಮಲಗುವ ಕೋಣೆಯ ಹೊರಗೆ ಇಡಿ, ಎರಡು ಅಲಾರಾಂ ಹಚ್ಚಿ, ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸಿ ಎರಡು ವಾರ ನೋಡಿ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳಿಂದ ನಡೆಯುತ್ತಿದ್ದರೆ ಕಾಯಬೇಡಿ. ಮನೋವೈದ್ಯರನ್ನೋ ನಿದ್ರಾ ಚಿಕಿತ್ಸಾಲಯವನ್ನೋ ಕಂಡು, ಸಿಬಿಟಿ-ಐ ಸಿಗುತ್ತದೆಯೇ ಎಂದು ಹೆಸರು ಹೇಳಿಯೇ ಕೇಳಿ.