ಮಂತ್ರಾಲಯದ ಬಿಲ್ಲಿಗೆ ಕನ್ನಡದಲ್ಲೇ ತಕರಾರು

ರಾಯರ ದರ್ಶನ ಮುಗಿಸಿ ಊರು ಸೇರಿದ ಮೇಲೆ ಮೊಬೈಲಿನಲ್ಲಿರುವ ತೆಲುಗು ಬಿಲ್ಲಿನ ಫೋಟೊವನ್ನು ಬಲ್ಲವರಿಂದ ಓದಿಸಿದರು ಎನ್ನಿ. ಎರಡು ದಿನದ ಕೋಣೆ ಬಾಡಿಗೆ 3,000, ಅದರ ಕೆಳಗೆ ಶೇ. 10ರ ‘ಸೇವಾ ರುಸುಮು’ 300, ಎರಡರ ಮೇಲೂ ಶೇ. 5 ಜಿಎಸ್‌ಟಿ 165. ಒಟ್ಟು 3,465 ರೂಪಾಯಿ.

ಇಲ್ಲಿ ಜಿಎಸ್‌ಟಿ ಸರ್ಕಾರದ ತೆರಿಗೆ, ತಪ್ಪಿಸುವಂತಿಲ್ಲ. ಸೇವಾ ಶುಲ್ಕ ಮಾತ್ರ ಗ್ರಾಹಕರ ಇಚ್ಛೆಗೆ ಬಿಟ್ಟದ್ದು. ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಕನ್ನಡಿಗ ಭಕ್ತರೇ ತುಂಬುವ ಊರಾದ್ದರಿಂದ ಪತ್ರ ಕನ್ನಡದಲ್ಲಿದ್ದರೂ ನಡೆದೀತು. ಕೋಪ ಬೇಡ, ಲೆಕ್ಕ ಬೇಕು:

“ವ್ಯವಸ್ಥಾಪಕರಿಗೆ ನಮಸ್ಕಾರ. ಲಗತ್ತಿಸಿರುವ ಬಿಲ್ಲಿನ ಎರಡನೇ ಸಾಲಿನಲ್ಲಿ ನಮ್ಮನ್ನು ಕೇಳದೆ 300 ರೂಪಾಯಿ ಸೇವಾ ಶುಲ್ಕ ಹಾಕಿದ್ದೀರಿ. ಅದರ ಮೇಲಿನ ತೆರಿಗೆ 15 ರೂಪಾಯಿಯೂ ಸೇರಿ 315 ರೂಪಾಯಿ ಮರಳಿಸಿ, ತಿದ್ದಿದ ಬಿಲ್ಲು ಕಳಿಸಬೇಕಾಗಿ ವಿನಂತಿ.”

ಆ 15 ರೂಪಾಯಿಯನ್ನೇ ಹಲವರು ಮರೆಯುವುದು. ಫೋಟೊದಲ್ಲಿ ಬಿಲ್ಲಿನ ಸಂಖ್ಯೆ, ದಿನಾಂಕ, ಜಿಎಸ್‌ಟಿ ನೋಂದಣಿ ಸಂಖ್ಯೆ ಕಾಣಬೇಕು. ಅಂಚು ಕತ್ತರಿಸಿದ ಚಿತ್ರದಿಂದ ಹೋಟೆಲಿನವರಿಗೆ ಜಾರಿಕೊಳ್ಳಲು ದಾರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು.