‘ಜೋಳ’ ಎಂದರೆ ಯಾವ ಜೋಳ? – ವಾಟ್ಸಾಪ್ ಬೇಡಿಕೆ ಸರಿಯಾದ ಮಾಲಾಗಿ ಸಂಘಕ್ಕೆ ಬರುವ ಬಗೆ



ಕಳೆದ ಮುಂಗಾರಿನಲ್ಲಿ ನಮ್ಮ ಶಿಬಿರ ಕಚೇರಿಯಲ್ಲಿ ನಡೆದ ಒಂದು ಎಡವಟ್ಟಿನಿಂದ ಈ ಲೇಖನ ಆರಂಭಿಸುತ್ತೇನೆ. ಒಂದು ಸಂಘದ ಕಾರ್ಯದರ್ಶಿಯವರು ವಾಟ್ಸಾಪ್‌ನಲ್ಲಿ ‘ಜೋಳದ ಬೀಜ 40 ಕೆಜಿ’ ಎಂದು ಬರೆದಿದ್ದರು. ಬೇಡಿಕೆ ದಾಖಲಿಸುವ ನಮ್ಮ ಗಣಕಯಂತ್ರ ನಿರ್ವಾಹಕರು ವಿಜಯಪುರದ ಕಡೆಯವರು. ಅವರಿಗೆ ಜೋಳ ಎಂದರೆ ರೊಟ್ಟಿ ಮಾಡುವ ಜೋಳ. ಹಾಗಾಗಿ ಪಟ್ಟಿಯಲ್ಲಿದ್ದ ಮೇವಿನ ಜೋಳ, ಅಂದರೆ ಸಿಒಎಫ್‌ಎಸ್-29 ಬೀಜವನ್ನು ಲಾರಿಗೆ ಹಾಕಿಸಿದರು. ಸಂಘದವರಿಗೆ ಬೇಕಿದ್ದುದು ಆಫ್ರಿಕನ್ ಟಾಲ್ ಮುಸುಕಿನ ಜೋಳ. ಅವರ ಊರಿನಲ್ಲಿ ಅದನ್ನೇ ಬರೀ ‘ಜೋಳ’ ಎನ್ನುತ್ತಾರೆ.

ಚೀಲ ಬಿಚ್ಚಿದ ಕೂಡಲೇ ತಪ್ಪು ಗೊತ್ತಾಯಿತು. ಆದರೆ ಲಾರಿ ಮತ್ತೆ ಆ ಮಾರ್ಗಕ್ಕೆ ಬರುವುದು ಮುಂದಿನ ವಾರ. ಅಷ್ಟರಲ್ಲಿ ಹದ ಹೋಗಿ, ಇಬ್ಬರು ರೈತರ ಎರಡು ಎಕರೆ ಮೇವು ತಡವಾಯಿತು. ಬರೆದವರದ್ದೂ ತಪ್ಪಲ್ಲ, ಓದಿದವರದ್ದೂ ತಪ್ಪಲ್ಲ. ಒಂದೇ ಪದಕ್ಕೆ ಎರಡು ಸೀಮೆಯಲ್ಲಿ ಎರಡು ಅರ್ಥ ಇತ್ತು, ಅಷ್ಟೆ. ಅಂದಿನಿಂದ ಬೇಡಿಕೆಯ ಸಂದೇಶಗಳನ್ನು ಓದುವ ಕ್ರಮವನ್ನು ನಾವು ಬದಲಿಸಿದೆವು. ಸಂಘದ ಬೇಡಿಕೆಯ ಹಣ ಕೊನೆಗೆ ನಿಮ್ಮ ಬಟವಾಡೆಯಲ್ಲೇ ಕಡಿತವಾಗುವುದರಿಂದ, ಆ ಕ್ರಮ ನಿಮಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಪಟ್ಟಿ, ಆಮೇಲೆ ಅಡ್ಡಹೆಸರು

ಮೊದಲು ಮಾಡಿದ್ದು ಮಾಲಿನ ಪಟ್ಟಿಯನ್ನು ಸರಿಪಡಿಸಿದ್ದು. ಪ್ರತಿ ಮಾಲಿಗೆ ಒಂದೇ ಹೆಸರು, ಒಂದೇ ಸಂಕೇತ, ಒಂದೇ ಅಳತೆ. ಪಶು ಆಹಾರ 50 ಕೆಜಿ ಚೀಲದಲ್ಲಿ ಎಣಿಕೆ, ಖನಿಜ ಮಿಶ್ರಣ 1 ಕೆಜಿ ಪೊಟ್ಟಣದಲ್ಲಿ ಎಣಿಕೆ. ನಮ್ಮಲ್ಲಿ ಖನಿಜ ಮಿಶ್ರಣದ ಒಂದು ಪೆಟ್ಟಿಗೆಗೆ 20 ಪೊಟ್ಟಣ. ಇದನ್ನು ಬರೆದಿಡದಿದ್ದರೆ ‘ಮಿನರಲ್ 10’ ಎಂದಾಗ ಹತ್ತು ಪೊಟ್ಟಣವೋ ಹತ್ತು ಪೆಟ್ಟಿಗೆಯೋ ತಿಳಿಯುವುದಿಲ್ಲ.

ನಂತರ ನಾನು ಮತ್ತು ನಿರ್ವಾಹಕರು ಕುಳಿತು ಹಿಂದಿನ ಮೂರು ತಿಂಗಳ ಸಂದೇಶಗಳನ್ನೆಲ್ಲ ಓದಿ, ಯಾವ ಮಾಲನ್ನು ಯಾರು ಏನೆಂದು ಕರೆಯುತ್ತಾರೆ ಎಂದು ಪಟ್ಟಿ ಮಾಡಿದೆವು. ಪಶು ಆಹಾರ ಒಂದಕ್ಕೇ ಫೀಡ್, ಫೀಡು, ಪೀಡ್, ಹಿಂಡಿ, ಇಂಡಿ, ಬೂಸ ಎಂಬ ಹೆಸರುಗಳು ಸಿಕ್ಕವು. ಚೀಲಕ್ಕೆ ಮೂಟೆ, ಬ್ಯಾಗ್ ಎಂದೂ, 20 ಚೀಲಕ್ಕೆ ‘ಒಂದು ಟನ್’ ಎಂದೂ ಬರೆಯುವವರಿದ್ದರು.

ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಎಲ್ಲ ಸಂಘಗಳಿಗೂ ಒಂದೇ ಅಡ್ಡಹೆಸರಿನ ಪಟ್ಟಿ ಇಟ್ಟೆ. ಒಂದು ಸಂಘದವರು ಖನಿಜ ಮಿಶ್ರಣವನ್ನು ‘ಪೌಡರ್’ ಎನ್ನುತ್ತಿದ್ದರು, ಅದು ಪಟ್ಟಿಗೆ ಸೇರಿತು. ಮುಂದಿನ ವಾರ ಇನ್ನೊಂದು ಸಂಘದವರು ಕ್ಯಾನ್ ತೊಳೆಯುವ ಪುಡಿ ಬೇಕೆಂದು ‘ಪೌಡರ್ 10’ ಎಂದು ಬರೆದರೆ, ಅವರಿಗೆ ಹತ್ತು ಪೊಟ್ಟಣ ಖನಿಜ ಮಿಶ್ರಣ ಹೋಯಿತು. ಈಗ ಅಡ್ಡಹೆಸರನ್ನು ಆಯಾ ಸಂಘದ ಹೆಸರಿನ ಮುಂದೆಯೇ ಬರೆಯುತ್ತೇವೆ. ಎಲ್ಲರಿಗೂ ಒಂದೇ ಅರ್ಥವಿರುವ ಪದ ಮಾತ್ರ ಸಾಮಾನ್ಯ ಪಟ್ಟಿಗೆ ಸೇರುತ್ತದೆ. ‘ಜೋಳ’, ‘ಪೌಡರ್’, ‘ಔಷಧಿ’ ಇವು ಮೂರೂ ಸಾಮಾನ್ಯ ಪಟ್ಟಿಯಲ್ಲಿಲ್ಲ.

ಒಂದು ಸಂದೇಶವನ್ನು ಓದೋಣ

ನಮಗೆ ಬರುವ ಸಂದೇಶ ಸುಮಾರಾಗಿ ಹೀಗಿರುತ್ತದೆ:

```
sir namaste
feed 60 moote
minral 2 box
ಜೋಳ 100 kg
co4 500
ಜಂತಿನ ಔಷಧಿ 15
can powder ಹೋದ ಸಲದಷ್ಟೆ
nale lorry barutta
```

ಮೊದಲ ಮತ್ತು ಕೊನೆಯ ಸಾಲಿನಲ್ಲಿ ಮಾಲೂ ಇಲ್ಲ, ಸಂಖ್ಯೆಯೂ ಇಲ್ಲ. ಅವನ್ನು ಬದಿಗಿಟ್ಟು ಉಳಿದ ಆರು ಸಾಲುಗಳನ್ನು ಒಂದೊಂದಾಗಿ ನೋಡಬೇಕು. ಪ್ರತಿ ಸಾಲಿನಲ್ಲೂ ಮೊದಲು ಮಾಲಿನ ಹೆಸರು ಹುಡುಕಿ, ಆಮೇಲೆ ಸಂಖ್ಯೆ ಓದಬೇಕು. ಈ ಕ್ರಮ ತಪ್ಪಿದರೆ `co4 500` ಎಂಬಲ್ಲಿ ‘4’ ಅನ್ನೇ ಪ್ರಮಾಣವೆಂದು ತೆಗೆದುಕೊಳ್ಳುವ ಅಪಾಯವಿದೆ. ಆ ನಾಲ್ಕು ಸಿಒ-4 ನೇಪಿಯರ್ ಹುಲ್ಲಿನ ಹೆಸರಿನ ಭಾಗ. ಬೇಕಿರುವುದು 500 ಕಡ್ಡಿ.

`feed` ಎಂಬುದು ಅಡ್ಡಹೆಸರಿನ ಪಟ್ಟಿಯಲ್ಲಿದೆ. ಆದರೆ ನಮ್ಮಲ್ಲಿ ಸಾಮಾನ್ಯ ಆಹಾರ, ಬೈಪಾಸ್ ಆಹಾರ ಎಂದು ಎರಡಿವೆ. ಇಂತಹ ಕಡೆ ಖಾಯಂ ಗಿರಾಕಿಯ ಹಳೆಯ ಲೆಕ್ಕ ನೆರವಾಗುತ್ತದೆ. ಈ ಸಂಘ ಹಿಂದಿನ ಆರು ಬೇಡಿಕೆಯಲ್ಲೂ ಸಾಮಾನ್ಯ ಆಹಾರವನ್ನೇ ಪಡೆದಿದೆ, ಆದ್ದರಿಂದ ಅದನ್ನೇ ಹಾಕುತ್ತೇವೆ. ಎರಡರಲ್ಲಿ ಒಂದನ್ನು ಆರಿಸಲು ಮಾತ್ರ ಹಳೆಯ ಲೆಕ್ಕ ಬಳಸುತ್ತೇವೆ. ಸಂದೇಶದಲ್ಲಿ ಹೆಸರೇ ಇಲ್ಲದ ಮಾಲನ್ನು ‘ಪ್ರತಿ ಸಲ ತಗೊಳ್ತಾರಲ್ಲ’ ಎಂದು ಸೇರಿಸುವುದಿಲ್ಲ.

`minral` ಎಂಬುದು ಪಟ್ಟಿಯಲ್ಲಿಲ್ಲ, ಆದರೆ `mineral` ಇದೆ. ಒಂದು ಅಕ್ಷರ ಬಿಟ್ಟುಹೋಗಿದೆ ಅಷ್ಟೆ. ಉದ್ದ ಪದಗಳಲ್ಲಿ ಒಂದು ಅಕ್ಷರದ ವ್ಯತ್ಯಾಸವನ್ನು ನಮ್ಮ ಗಣಕಯಂತ್ರ ಸರಿಪಡಿಸಿಕೊಳ್ಳುತ್ತದೆ. ಚಿಕ್ಕ ಪದಗಳಲ್ಲಿ ಮತ್ತು ಅಂಕಿ ಇರುವ ಹೆಸರುಗಳಲ್ಲಿ ಈ ಸಡಿಲಿಕೆ ಇಲ್ಲ. ಸಿಒ-4, ಸಿಒ-5 ಎಂಬ ಹೆಸರುಗಳ ನಡುವೆಯೂ ಒಂದೇ ಅಕ್ಷರದ ವ್ಯತ್ಯಾಸ, ಆದರೆ ಅವು ಬೇರೆ ಬೇರೆ ತಳಿ. ಅಂತಹವು ತದ್ವತ್ ಹೊಂದಬೇಕು, ಇಲ್ಲವೇ ಕೇಳಬೇಕು.

ಇನ್ನು ‘ಜೋಳ 100 kg’. ಇಲ್ಲಿ ಪ್ರಮಾಣವೇ ಸುಳಿವು ಕೊಡುತ್ತದೆ. ಮೇವಿಗಾಗಿ ಆಫ್ರಿಕನ್ ಟಾಲ್ ಬಿತ್ತಲು ಎಕರೆಗೆ ಸುಮಾರು 20 ಕೆಜಿ ಬೀಜ ಬೇಕು. ಸಿಒಎಫ್‌ಎಸ್-29 ಬೀಜ ಬಹಳ ಸಣ್ಣದು, ಅದರ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ನೂರು ಕೆಜಿ ಎಂದರೆ ಮುಸುಕಿನ ಜೋಳದ ಲೆಕ್ಕದಲ್ಲಿ ಐದು ಎಕರೆ. ಸಣ್ಣ ಜೋಳದ ಲೆಕ್ಕದಲ್ಲಿ ಇಪ್ಪತ್ತು ಎಕರೆಗೂ ಮೇಲೆ, ಒಂದು ಹಳ್ಳಿಯ ಸಂಘದಲ್ಲಿ ಅಷ್ಟು ಬಿತ್ತನೆ ಅಪರೂಪ. ಹೋದ ವರ್ಷ 40 ಕೆಜಿ ಎಂದಾಗಲೇ ಇದನ್ನು ಯೋಚಿಸಬೇಕಿತ್ತು. ಆದರೂ ಇದು ಊಹೆಯೇ, ಆದ್ದರಿಂದ ಕೇಳಿಯೇ ಕಳಿಸುತ್ತೇವೆ. ಎರಡು ಮೇವೂ ಒಂದೇ ರೀತಿಯವಲ್ಲ. ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷವಿರುತ್ತದೆ, ಹೂ ಬರುವ ಮೊದಲು ಕೊಯ್ದು ಹಾಕಿದರೆ ಹಸು ಸಾಯಬಹುದು. ಮುಸುಕಿನ ಜೋಳದಲ್ಲಿ ಆ ಭಯವಿಲ್ಲ.

ಔಷಧಿಯ ಸಾಲು ನನ್ನ ಬಳಿಗೇ ಬರಬೇಕು

‘ಜಂತಿನ ಔಷಧಿ 15’ ಎಂಬ ಸಾಲನ್ನು ಯಾವ ಪಟ್ಟಿಯಿಂದಲೂ ಹೊಂದಿಸುವುದಿಲ್ಲ. ಈ ಸಂಘ ಹೋದ ಸಲ ಆಲ್ಬೆಂಡಜೋಲ್ ಪಡೆದಿತ್ತು. ಹಳೆಯ ಲೆಕ್ಕ ನಂಬಿದರೆ ಅದೇ ಹೋಗುತ್ತದೆ. ಆದರೆ ಗರ್ಭಕಟ್ಟಿದ ಮೊದಲ 45 ದಿನಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಭ್ರೂಣಕ್ಕೆ ತೊಂದರೆಯಾಗುತ್ತದೆ. ಹೋದ ತಿಂಗಳು ಗರ್ಭಧಾರಣೆ ಮಾಡಿಸಿದ ಹಸುವಿಗೆ ನಿಮಗೆ ಗೊತ್ತಿಲ್ಲದೆ ಇದನ್ನು ಕುಡಿಸಿದರೆ, ನಷ್ಟವಾಗುವುದು ಒಂದು ಸೂಲು. ಅಂತಹ ಹಸುಗಳಿಗೆ ಫೆನ್‌ಬೆಂಡಜೋಲ್ ಕೊಡುತ್ತೇವೆ.

ಆದ್ದರಿಂದ ಔಷಧಿಯ ಸಾಲು ಬಂದರೆ ನಾನೇ ಕಾರ್ಯದರ್ಶಿಯವರಿಗೆ ಫೋನ್ ಮಾಡಿ, ಎಷ್ಟು ಕರು, ಎಷ್ಟು ಹಸು, ಯಾವುದಕ್ಕೆ ಯಾವಾಗ ಗರ್ಭಧಾರಣೆ ಆಗಿದೆ ಎಂದು ಕೇಳುತ್ತೇನೆ. ಈ ಸಲ ಹದಿನೈದರಲ್ಲಿ ಹನ್ನೊಂದು ಕರುಗಳು, ನಾಲ್ಕು ಹಸುಗಳು ಎಂದರು. ನಾಲ್ಕರಲ್ಲಿ ಒಂದಕ್ಕೆ ಐದು ವಾರದ ಹಿಂದೆ ಗರ್ಭಧಾರಣೆ ಆಗಿತ್ತು. ಒಂದು ಸಾಲು ಎರಡು ಔಷಧಿಯಾಯಿತು.

ಉತ್ತರ ಕೊಟ್ಟ ಮೇಲೆಯೇ ಲಾರಿ

ಸಂದೇಶ ಓದಿಯಾದ ಮೇಲೆ ಕಾರ್ಯದರ್ಶಿಯವರಿಗೆ ಹೀಗೆ ಉತ್ತರ ಹೋಗುತ್ತದೆ:

```
1. ಪಶು ಆಹಾರ, ಸಾಮಾನ್ಯ – 60 ಚೀಲ
2. ಖನಿಜ ಮಿಶ್ರಣ 1 ಕೆಜಿ – 40 ಪೊಟ್ಟಣ
3. ಮುಸುಕಿನ ಜೋಳದ ಬೀಜ – 100 ಕೆಜಿ ?
4. ಸಿಒ-4 ಕಡ್ಡಿ – 500
5. ಜಂತಿನ ಔಷಧಿ – ವೈದ್ಯರು ಕರೆಯುತ್ತಾರೆ
6. ಕ್ಯಾನ್ ತೊಳೆಯುವ ಪುಡಿ – 5 ಕೆಜಿ ?
```

ಪ್ರಶ್ನೆಚಿಹ್ನೆ ಇರುವ ಸಾಲಿಗೆ ‘ಸರಿ’ ಎಂದು ಉತ್ತರ ಬರದಿದ್ದರೆ ಆ ಮಾಲು ಲಾರಿಗೆ ಏರುವುದಿಲ್ಲ, ಉಳಿದವು ಹೋಗುತ್ತವೆ. ‘ಹೋದ ಸಲದಷ್ಟೇ’ ಎಂಬುದಕ್ಕೆ ಯಾವಾಗಲೂ ಪ್ರಶ್ನೆ ಹಾಕುತ್ತೇವೆ. ಅವರ ಮನಸ್ಸಿನಲ್ಲಿರುವ ಹೋದ ಸಲ ಮತ್ತು ನಮ್ಮ ಪುಸ್ತಕದಲ್ಲಿರುವ ಹೋದ ಸಲ ಬೇರೆಯಾಗಿದ್ದ ಉದಾಹರಣೆಗಳಿವೆ. ಪ್ರಮಾಣ ಎಂದಿನದಕ್ಕಿಂತ ದುಪ್ಪಟ್ಟಾದರೂ ಕೇಳುತ್ತೇವೆ, 6 ಎಂದು ಒತ್ತುವಾಗ 60 ಆಗುವುದುಂಟು. ಕಾರ್ಯದರ್ಶಿಯವರು ತಿದ್ದಿ ಹೇಳಿದ ಪದ ಅವರ ಸಂಘದ ಅಡ್ಡಹೆಸರಿನ ಪಟ್ಟಿಗೆ ಸೇರುತ್ತದೆ, ಮುಂದಿನ ಸಲ ಆ ಪ್ರಶ್ನೆ ಕಡಿಮೆ.

ಈ ಕ್ರಮದ ಮಿತಿಯನ್ನೂ ಹೇಳಬೇಕು. ಧ್ವನಿ ಸಂದೇಶವನ್ನು ಈಗಲೂ ಮನುಷ್ಯರೇ ಕೇಳಿ ಬರೆಯಬೇಕು. ಇನ್ನೊಂದು ತೊಂದರೆ, ತಪ್ಪಾಗಿ ಹೊಂದಿಸಿದ ಸಾಲನ್ನು ಕಾರ್ಯದರ್ಶಿಯವರು ಓದದೆ ‘ಸರಿ’ ಎಂದುಬಿಡುವುದು. ಅದು ಗೊತ್ತಾಗುವುದು ಮಾಲು ವಾಪಸು ಬಂದಾಗಲೇ. ಹಾಗಾಗಿ ವಾಪಸಾದ ಪ್ರತಿ ಮಾಲಿನ ಹಳೆಯ ಸಂದೇಶವನ್ನು ತೆಗೆದು, ಯಾವ ಪದ ದಾರಿ ತಪ್ಪಿಸಿತು ಎಂದು ತಿಂಗಳಿಗೊಮ್ಮೆ ನೋಡುತ್ತೇವೆ.

ಕಾರ್ಯದರ್ಶಿಗಳು ನಿಮ್ಮ ಮಾತಿನಲ್ಲೇ ಬರೆಯಿರಿ, ಸಂಕೇತ ನೆನಪಿಡುವ ಅಗತ್ಯವಿಲ್ಲ. ಒಂದು ಸಾಲಿಗೆ ಒಂದೇ ಮಾಲು ಇರಲಿ, ಸಂಖ್ಯೆಯ ಮುಂದೆ ಚೀಲವೋ ಪೊಟ್ಟಣವೋ ಪೆಟ್ಟಿಗೆಯೋ ಬರೆಯಿರಿ. ರೈತ ಬಂಧುಗಳು ಸಂಘದಲ್ಲಿ ಜಂತಿನ ಔಷಧಿಗೆ ಹೆಸರು ಬರೆಸುವಾಗ ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನಾಂಕವನ್ನೂ ಬರೆಸಿ. ನಾನು ಫೋನ್ ಮಾಡಿದಾಗ ಮೊದಲು ಕೇಳುವುದು ಅದನ್ನೇ.